ರಜೆಯಿಂದ ಮರಳಿದ ಕಾರ್ಯದರ್ಶಿಯ ಲೆಕ್ಕ
(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಸಮಸ್ತ ಸದಸ್ಯರಿಗೆ ಒಂದು ಬಹಿರಂಗ ಪತ್ರ)



ಶಸ್ತ್ರಚಿಕಿತ್ಸೆಯ ನಿಮಿತ್ತವಾಗಿ ಇಪ್ಪತ್ತೊಂದು ದಿನಗಳ ರಜೆಯ ಮೇಲಿದ್ದ ನಾನು, ವೈದ್ಯರ ಅಪ್ಪಣೆಯನ್ನೂ ಮನೆಯವರ ಅರ್ಧ ಮನಸ್ಸಿನ ಒಪ್ಪಿಗೆಯನ್ನೂ ಪಡೆದು, ಕಳೆದ ಗುರುವಾರ ಬೆಳಗಿನ ಹೊತ್ತಿನ ಹಾಲಿಗೆ ಸಂಘದ ಬಾಗಿಲಿಗೆ ಬಂದು, ನನ್ನ ಗೈರುಹಾಜರಿಯಲ್ಲಿ ಕಾರ್ಯಭಾರವನ್ನು ನಿರ್ವಹಿಸಿದ ನಮ್ಮ ಹಾಲು ಪರೀಕ್ಷಕರಿಂದ ಪ್ರಭಾರವನ್ನು ಹಿಂದಕ್ಕೆ ಪಡೆದುಕೊಂಡಿರುವೆನೆಂದು ತಮಗೆ ಅರಿಕೆ ಮಾಡಿಕೊಳ್ಳುತ್ತೇನೆ. ಆಡಳಿತ ಮಂಡಳಿಗೆ ಸಲ್ಲಿಸಬೇಕಾದ ವರದಿಯನ್ನು ಬೇರೆಯಾಗಿ ಸಲ್ಲಿಸಿದ್ದೇನೆ. ಆದರೆ ಈ ಮೂರು ವಾರಗಳ ಲೆಕ್ಕದಲ್ಲಿ ಒಂದು ವ್ಯತ್ಯಾಸವು ತಮ್ಮಲ್ಲಿ ಹಲವರ ಬಟವಾಡೆಯನ್ನು ಮುಟ್ಟಿರುವುದರಿಂದಲೂ, ಅದರ ಮೂಲ ನನ್ನಲ್ಲಿಯೇ ಇರುವುದರಿಂದಲೂ, ಆ ಸಂಗತಿಯನ್ನು ಸೂಚನಾ ಫಲಕದ ನಾಲ್ಕು ಸಾಲಿನಲ್ಲಿ ಮುಗಿಸದೆ ಈ ಪತ್ರದ ಮೂಲಕ ವಿಸ್ತಾರವಾಗಿ ನಿವೇದಿಸುವುದು ಉಚಿತವೆಂದು ತೋರಿತು.

ಮೊದಲು ಸರಿಯಾಗಿರುವುದನ್ನು ಹೇಳಿಬಿಡುತ್ತೇನೆ. ಹೊರಡುವಾಗ ನಾನು ಒಪ್ಪಿಸಿದ ಪಶು ಆಹಾರದ ಚೀಲಗಳು 63, ನಡುವೆ ಬಂದುವು 40, ಮಾರಾಟವಾದುವು 84, ಈಗ ಉಗ್ರಾಣದಲ್ಲಿ ಎಣಿಸಿದಾಗ ದೊರೆತುವು 19. ಕ್ಯಾನುಗಳು, ತೂಕದ ಯಂತ್ರ, ರಸೀದಿ ಪುಸ್ತಕಗಳು ಎಲ್ಲವೂ ಯಥಾಸ್ಥಿತಿಯಲ್ಲಿವೆ. ನಗದಿನಲ್ಲಿ ಮಾತ್ರ ಪುಸ್ತಕಕ್ಕಿಂತ 270 ರೂಪಾಯಿ ಕಡಮೆಯಿತ್ತು. ಪಾಪ, ಪರೀಕ್ಷಕರು ತಮ್ಮ ಕೈಯಿಂದ ಹಾಕಿ ತುಂಬಿಸಲು ಹೊರಟಿದ್ದರು, ನಾನು ತಡೆದೆನು. ಲೆಕ್ಕ ಬರೆಯುವವರಲ್ಲಿ ಹಿಂದಿನಿಂದ ಬಂದ ಒಂದು ಉಪಾಯವುಂಟು: ಬಂದ ವ್ಯತ್ಯಾಸವು ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ, ಹಣ ಹೋಗಿರುವುದಕ್ಕಿಂತ ಅಂಕಿಗಳು ಸ್ಥಳ ಬದಲಿಸಿಕೊಂಡಿರುವ ಸಂಭವವೇ ಹೆಚ್ಚು. ಪಕ್ಕಪಕ್ಕದ ಎರಡು ಅಂಕಿಗಳು ತಿರುವುಮುರುವಾದಾಗ ಹುಟ್ಟುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಡಿಯೇ ಆಗಿರುತ್ತದೆ. 270 ಎಂಬುದು ಒಂಬತ್ತರ ಮೂವತ್ತು ಮಡಿ. ಸ್ಥಳೀಯ ಮಾರಾಟದ ಚೀಟಿಗಳ ಅಡಿಪ್ರತಿಗಳನ್ನು ಒಂದೊಂದಾಗಿ ಮಗುಚುತ್ತ ಹೋದಾಗ, ಒಂದು ಮದುವೆ ಮನೆಯವರು ಲೀಟರಿಗೆ 50 ರೂಪಾಯಿಯಂತೆ ಕೊಂಡ ಐದು ಲೀಟರಿನ 250 ರೂಪಾಯಿ ನಗದು ಪುಸ್ತಕದಲ್ಲಿ 520 ಎಂದು ಕುಳಿತಿರುವುದು ಕಂಡಿತು. ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇಬ್ಬರೂ ರುಜು ಹಾಕಿದ್ದೇವೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಗುರುವಾರ ಸಂಜೆ, ಸಂಘದ ಎದುರು ಮನೆಯ ಅಜ್ಜಿ ತಮ್ಮ ಎರಡೂವರೆ ಲೀಟರು ಹಾಲನ್ನು ಅಳತೆಗೆ ಸುರಿದು, ನನ್ನ ಆರೋಗ್ಯವನ್ನು ಒಂದು ಮಾತಿನಲ್ಲಿ ವಿಚಾರಿಸಿ, ಅನಂತರ ಮೂರು ವಾರಗಳಿಂದ ಕಾದಿಟ್ಟಿದ್ದ ಪ್ರಶ್ನೆಯನ್ನು ಮುಂದಿಟ್ಟರು: "ಸೆಕ್ರೆಟ್ರಿ, ನನ್ನ ಹಸ ಬದಲಾಗ್ಲಿಲ್ಲ, ಮೇವು ಬದಲಾಗ್ಲಿಲ್ಲ, ಕರೆಯೋ ಕೈಯೂ ಬದಲಾಗ್ಲಿಲ್ಲ. ನೀನು ಆಸ್ಪತ್ರೆಗೆ ಹೋದ್ಮೇಲೆ ಡಿಗ್ರಿ ಯಾಕಪ್ಪ ಇಳೀತು?" ಹಾಲು ಹಾಕುವವರಲ್ಲಿ ಡಿಗ್ರಿ ಇಳಿಯಿತೆಂಬ ದೂರು ಹೊಸತಲ್ಲ; ಮಳೆಗಾಲದ ಎಳೆಯ ಹುಲ್ಲಿನಿಂದ ಹಿಡಿದು ಈಚೆಗೆ ಕರು ಹಾಕಿದ ಹಸುವಿನ ತನಕ ಅದಕ್ಕೆ ಸಮಾಧಾನಗಳೂ ನಮ್ಮಲ್ಲಿ ಸಿದ್ಧವಾಗಿಯೇ ಇರುತ್ತವೆ. ಅಂತಹ ಒಂದು ಸಮಾಧಾನವನ್ನು ಹೇಳಿ ಕಳುಹಿಸಬಹುದಾಗಿತ್ತು. ಆದರೆ ಅಜ್ಜಿಯ ಮಾತಿನಲ್ಲಿ ವಾದದ ಕ್ರಮವೊಂದು ಇತ್ತು. ಬದಲಾಗದಿರುವ ಎಲ್ಲವನ್ನೂ ಒಂದೊಂದಾಗಿ ಕಳೆದು, ಬದಲಾದ ಒಂದನ್ನೇ ಅವರು ನನ್ನ ಮುಂದೆ ಉಳಿಸಿದ್ದರು. ಆದಕಾರಣ ವಹಿಯನ್ನು ತೆರೆದೆನು. ನಾನು ಹೊರಡುವ ಮುನ್ನಿನ ವಾರದಲ್ಲಿ ಅವರ ಹಾಲಿನ ಜಿಡ್ಡು ನೂರಕ್ಕೆ 4.1, ಜಿಡ್ಡೇತರ ಘನಾಂಶ 8.5. ರಜೆಯ ಐದನೆಯ ದಿನದಿಂದ ಜಿಡ್ಡು ಅದೇ 4.1, ಜಿಡ್ಡೇತರ ಘನಾಂಶ ಮಾತ್ರ 8.2.

ಐದನೆಯ ದಿನ ಏನಾಯಿತೆಂದು ತಮಗೆ ಗೊತ್ತಿದೆ: ಪರೀಕ್ಷಾ ಯಂತ್ರ ಕೆಟ್ಟಿತು. ಅದನ್ನು ದುರಸ್ತಿಗೆ ಕಳುಹಿಸಿ, ಮುಂದಿನ ಹದಿನೇಳು ದಿನ, ಎಂದರೆ 34 ಹೊತ್ತು, ಬೀರುವಿನಲ್ಲಿದ್ದ ಹಳೆಯ ಸಾಧನಗಳಿಂದಲೇ ಪರೀಕ್ಷೆ ನಡೆದಿದೆ. ಜಿಡ್ಡನ್ನು ಕಂಡುಹಿಡಿಯಲು ಗರ್ಬರ್ ವಿಧಾನ. ಸ್ವಿಟ್ಸರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರಲ್ಲಿ ರೂಪಿಸಿದ ಈ ಕ್ರಮ ಇಂದಿಗೂ ಯಂತ್ರಗಳನ್ನೇ ಪರೀಕ್ಷಿಸಲು ನಾವು ಆಶ್ರಯಿಸುವ ಒರೆಗಲ್ಲು. ಗಾಜಿನ ಕೊಳವೆಯಲ್ಲಿ ಗಂಧಕಾಮ್ಲವು ಜಿಡ್ಡನ್ನುಳಿದು ಹಾಲಿನ ಸಾರವನ್ನೆಲ್ಲ ಕರಗಿಸುತ್ತದೆ. ಕೊಳವೆಯನ್ನು ರಭಸದಿಂದ ತಿರುಗಿಸಿದಾಗ ಜಿಡ್ಡು ಮೇಲಕ್ಕೆ ಬಂದು ಹೊಂಬಣ್ಣದ ಕಂಬವಾಗಿ ನಿಲ್ಲುತ್ತದೆ. ಆಮ್ಲ ತೀಕ್ಷ್ಣವಾದರೆ ಆ ಕಂಬದ ಬುಡದಲ್ಲಿ ಕರಿಯ ಕಣಗಳು, ಸಪ್ಪೆಯಾದರೆ ಬಿಳಿಯ ಗಸಿ. ಪರೀಕ್ಷಕರು ಈ ಕೆಲಸವನ್ನು ನಿರ್ದೋಷವಾಗಿ ಮಾಡಿದ್ದಾರೆ, ಅಜ್ಜಿಯ 4.1 ಕದಲದೆ ನಿಂತಿರುವುದೇ ಸಾಕ್ಷಿ. ಅಂದ ಮೇಲೆ ತಪ್ಪು ಇರಬೇಕಾದುದು ಇನ್ನೊಂದು ಸಾಧನದಲ್ಲಿ, ಎಂದರೆ ತಾವೆಲ್ಲ ಡಿಗ್ರಿ ಕೊಳವೆ ಎಂದು ಕರೆಯುವ ಲ್ಯಾಕ್ಟೋಮೀಟರಿನಲ್ಲಿ.

ಈ ಕೊಳವೆ ಮಾಡುವುದು ಇಷ್ಟೇ: ಹಾಲಿನಲ್ಲಿ ತೇಲುತ್ತದೆ. ಹಾಲು ಸಾಂದ್ರವಾಗಿದ್ದರೆ ಮೇಲಕ್ಕೆ ನಿಲ್ಲುತ್ತದೆ, ತೆಳುವಾಗಿದ್ದರೆ ಆಳಕ್ಕೆ ಇಳಿಯುತ್ತದೆ. ಅದರ ಕತ್ತಿನ ಮೇಲಿನ 28 ಎಂಬ ಗೆರೆಯ ಅರ್ಥ, ಒಂದು ಲೀಟರು ನೀರು ಸಾವಿರ ಗ್ರಾಮು ತೂಗುವಲ್ಲಿ ಅಷ್ಟೇ ಹಾಲು 1028 ಗ್ರಾಮು ತೂಗುವುದೆಂದು. ಆದರೆ ಹಾಲು ಬೆಚ್ಚಗಾದಾಗ ಹಿಗ್ಗಿ ಹಗುರಾಗುತ್ತದೆ, ತಣ್ಣಗಾದಾಗ ಕುಗ್ಗಿ ಭಾರವಾಗುತ್ತದೆ. ಆದುದರಿಂದ ಕೊಳವೆಯ ಮಾತು ಯಾವುದೋ ಒಂದು ನಿಶ್ಚಿತ ಉಷ್ಣತೆಯಲ್ಲಿ ಮಾತ್ರ ಸತ್ಯ. ನಮ್ಮ ಕೊಳವೆಗೆ ಆ ಉಷ್ಣತೆ 27 ಸೆಂಟಿಗ್ರೇಡ್. ಅದರ ಕತ್ತಿನೊಳಗಿನ ಕಾಗದದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದೆ. ಹಾಲು ಅದಕ್ಕಿಂತ ಬೆಚ್ಚಗಿದ್ದರೆ ಪ್ರತಿಯೊಂದು ಸೆಂಟಿಗ್ರೇಡಿಗೂ ಸುಮಾರು 0.2ನ್ನು ಕೂಡಬೇಕು, ತಣ್ಣಗಿದ್ದರೆ ಅಷ್ಟನ್ನೇ ಕಳೆಯಬೇಕು. ಹೀಗೆ ತಿದ್ದಿದ ಅಂಕಿಯ ಕಾಲು ಭಾಗವೂ, ಜಿಡ್ಡಿನ ಕಾಲು ಭಾಗವೂ, ಒಕ್ಕೂಟವು ಗೊತ್ತುಮಾಡಿದ ಒಂದು ಸ್ಥಿರಾಂಕವೂ ಸೇರಿದರೆ ಜಿಡ್ಡೇತರ ಘನಾಂಶ. ಡಿಗ್ರಿಯಲ್ಲಿ ಒಂದು ತಪ್ಪಿದರೆ ಘನಾಂಶದಲ್ಲಿ 0.25 ತಪ್ಪುತ್ತದೆಂಬುದು ಇದರಿಂದ ಸ್ಪಷ್ಟ.

ಹದಿನೇಳು ದಿನವೂ ಈ ತಿದ್ದುಪಡಿ ನಡೆದಿಲ್ಲ.

ಇದು ಯಾರಿಗೆ ಏನು ಮಾಡಿತೆಂಬುದನ್ನು ತಾವು ದಯವಿಟ್ಟು ಸಾವಧಾನವಾಗಿ ನೋಡಬೇಕು. ಒಂದೇ ಹಸುವಿನ ಒಂದೇ ಕರಾವಿನ ಹಾಲನ್ನು ಎರಡು ಪಾತ್ರೆಗಳಲ್ಲಿ ಹಂಚಿದೆವೆಂದು ಭಾವಿಸೋಣ. ಅದರ ನಿಜವಾದ ಡಿಗ್ರಿ 28. ಸಂಘದ ಎದುರು ಮನೆಯಿಂದ ಬರುವ ಮೊದಲನೆಯ ಪಾತ್ರೆ ಕೆಚ್ಚಲಿನ ಬಿಸಿ ಆರುವ ಮೊದಲೇ, 32 ಸೆಂಟಿಗ್ರೇಡಿನಲ್ಲಿ, ಕೊಳವೆಯ ಬಳಿಗೆ ಬರುತ್ತದೆ. ಕೊಳವೆ ಅಲ್ಲಿ ಇಳಿದು 27 ಎನ್ನುತ್ತದೆ. ಎರಡನೆಯ ಪಾತ್ರೆ ಹೊಳೆಯಾಚೆಯ ತೋಟದ ಮನೆಯಿಂದ, ಧನುರ್ಮಾಸದ ಚಳಿಯಲ್ಲಿ ಸೈಕಲ್ಲಿನ ಹಿಂದೆ ಮುಕ್ಕಾಲು ಗಂಟೆ ತೂಗಾಡುತ್ತ 24 ಸೆಂಟಿಗ್ರೇಡಿಗೆ ಇಳಿದು ಬರುತ್ತದೆ. ಕೊಳವೆ ಅಲ್ಲಿ ಏರಿ 28.6 ಎನ್ನುತ್ತದೆ. ತಿದ್ದಿದರೆ ಎರಡೂ 28. ತಿದ್ದದೆ ಬರೆದರೆ ಹತ್ತಿರದವರಿಗೆ ಘನಾಂಶದಲ್ಲಿ 0.25 ನಷ್ಟ, ದೂರದವರಿಗೆ 0.15 ಲಾಭ, ಒಂದೇ ಹಾಲಿಗೆ 0.4ರ ಅಂತರ. ಇದರ ಮೇಲೆ ಇನ್ನೊಂದು ಸೂಕ್ಷ್ಮವುಂಟು. ಆಗತಾನೆ ಕರೆದ ಹಾಲಿನಲ್ಲಿ ಗಾಳಿಯ ಸಣ್ಣ ಗುಳ್ಳೆಗಳು ಇನ್ನೂ ಸಿಕ್ಕಿಕೊಂಡಿರುತ್ತವೆ, ಜಿಡ್ಡು ಕೂಡ ಗಟ್ಟಿಯಾಗಲು ಸ್ವಲ್ಪ ಹೊತ್ತು ಬೇಡುತ್ತದೆ. ಅದರಿಂದ ಹಸಿ ಬಿಸಿ ಹಾಲು ತನ್ನ ನಿಜಕ್ಕಿಂತ ಸ್ವಲ್ಪ ಹಗುರವಾಗಿಯೇ ತೋರುತ್ತದೆ. ಇದೂ ಹತ್ತಿರದವರಿಗೇ ಬಿದ್ದ ಹೊರೆ. ಸಂಘದ ಸಮೀಪದಲ್ಲಿ ಮನೆ ಇರುವುದು ಸೌಕರ್ಯವೆಂದು ಇಷ್ಟು ಕಾಲ ತಿಳಿದಿದ್ದವರಿಗೆ ಈ ಹದಿನೇಳು ದಿನ ಅದೇ ದಂಡವಾಗಿ ಪರಿಣಮಿಸಿತು.

ಹಾಗಾದರೆ ಇದು ನೀರು ಬೆರೆಸಿದುದರ ಫಲವಲ್ಲವೆಂದು ಹೇಗೆ ಹೇಳುವುದು? ಆಡಳಿತ ಮಂಡಳಿಯ ಸದಸ್ಯರೊಬ್ಬರು ನ್ಯಾಯವಾಗಿಯೇ ಕೇಳಿದ ಪ್ರಶ್ನೆ ಇದು. ನೀರು ಪಕ್ಷಪಾತವನ್ನು ಅರಿಯದು. ಹತ್ತು ಪಾಲಿಗೆ ಒಂದು ಪಾಲು ನೀರಿದ್ದರೆ ಅಜ್ಜಿಯ 4.1 ಜಿಡ್ಡು 3.7ಕ್ಕೆ ಇಳಿಯಬೇಕು, ಡಿಗ್ರಿಯೂ 28ರಿಂದ 25ರ ಹತ್ತಿರಕ್ಕೆ ಬರಬೇಕು. ಎರಡೂ ಒಟ್ಟಿಗೆ ಕುಸಿಯದೆ ವಿಧಿಯಿಲ್ಲ. ಕೆನೆ ತೆಗೆದಿದ್ದರೆ ಜಿಡ್ಡು ಇಳಿದು ಡಿಗ್ರಿ ಏರುತ್ತದೆ. ಜಿಡ್ಡು ನಿಂತಲ್ಲೇ ನಿಂತು ಡಿಗ್ರಿಯೊಂದೇ, ಅದೂ ಒಂದೇ ಬೀದಿಯ ಹತ್ತಾರು ಮನೆಗಳಲ್ಲಿ, ಒಂದೇ ದಿನದಿಂದ ಇಳಿದಿರುವುದಾದರೆ, ದೋಷವನ್ನು ಹಸುಗಳಲ್ಲಾಗಲಿ ಹಸುಗಳ ಒಡೆಯರಲ್ಲಾಗಲಿ ಹುಡುಕುವುದು ಸಲ್ಲದು.

ಇದಕ್ಕೆ ಹೊರಗಿನ ಸಾಕ್ಷಿಯೂ ದೊರೆಯಿತು. ನಾವು ಕಳುಹಿಸಿದ ಹಾಲನ್ನು ಡೈರಿಯಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಬರುವ ಟ್ರಕ್ ಶೀಟಿನಲ್ಲಿ ಈ ಹದಿನೇಳು ದಿನಗಳ ಘನಾಂಶದ ಸರಾಸರಿ 8.48 ಎಂದಿದೆ, ಮುಂಚಿನ ವಾರಗಳಲ್ಲಿದ್ದಂತೆಯೇ. ನಮ್ಮ ವಹಿಯಲ್ಲಿ ತಮ್ಮೆಲ್ಲರಿಂದ ಕೊಂಡ ಹಾಲಿನ ಸರಾಸರಿ 8.37. ಕೊಂಡುದಕ್ಕಿಂತ ಉತ್ತಮವಾದ ಹಾಲನ್ನು ಮಾರುವ ಮಂತ್ರವೇನೂ ಸಂಘದ ಬಳಿ ಇಲ್ಲ. ಹಾಲು ಹಾಕುವ 52 ಮಂದಿಯಲ್ಲಿ ಊರೊಳಗಿನವರು 34, ತೋಟ ಮತ್ತು ಹಟ್ಟಿಗಳವರು 18, ಮೊದಲಿನವರಿಗೆ 0.25 ಇಳಿಕೆ, ಎರಡನೆಯವರಿಗೆ 0.15 ಏರಿಕೆ ಎಂದು ಹಿಡಿದು ಸರಾಸರಿ ತೆಗೆದರೆ ಒಟ್ಟಿನ ಇಳಿಕೆ 0.11 ಬರುತ್ತದೆ, ಎಂದರೆ ನಮ್ಮ ವಹಿಗೂ ಟ್ರಕ್ ಶೀಟಿಗೂ ನಡುವೆ ಇರುವ ಅಂತರವೇ. ಇಷ್ಟು ಕರಾರುವಾಕ್ಕಾಗಿ ಹೊಂದಿದುದರಲ್ಲಿ ಸ್ವಲ್ಪ ಆಕಸ್ಮಿಕವೂ ಇರಬಹುದು, ಏಕೆಂದರೆ ಎಲ್ಲರ ಹಾಲೂ ಒಂದೇ ಪ್ರಮಾಣದ್ದಲ್ಲ. ಆದರೆ ದಿಕ್ಕು ತಪ್ಪಿಲ್ಲ. ಪ್ರತಿದಿನವೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ಎರಡನೆಯ ದಿನವೇ ಗೊತ್ತಾಗುತ್ತಿತ್ತು.

ಈಗ ತಪ್ಪು ಯಾರದೆಂಬ ಮಾತು. ಪರೀಕ್ಷಕರನ್ನು ಕುರಿತು ಕಟ್ಟೆಯ ಮೇಲೆ ಕೆಲವು ಮಾತುಗಳು ಆಡಲ್ಪಟ್ಟಿವೆಯೆಂದು ಕೇಳಿದ್ದೇನೆ, ಅವು ನಿಲ್ಲಬೇಕು. ನಾನು ಬರೆದುಕೊಟ್ಟ ಪ್ರಭಾರ ಪಟ್ಟಿಯಲ್ಲಿ 23 ಬಾಬುಗಳಿದ್ದವು, ಅವುಗಳಲ್ಲೊಂದು "ತಾಪಮಾಪಕ: 1". ಪಟ್ಟಿ ಅದರ ಸಂಖ್ಯೆಯನ್ನು ಹೇಳಿತು, ಉಪಯೋಗವನ್ನು ಹೇಳಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಯಂತ್ರ ಬರುವ ಮೊದಲು, ದಿನಕ್ಕೆರಡು ಹೊತ್ತು ಆ ತಿದ್ದುಪಡಿಯನ್ನು ಬಾಯಲ್ಲೇ ಮಾಡುತ್ತಿದ್ದ ನನಗೆ ಅದು ಬರೆದಿಡಬೇಕಾದ ವಿಷಯವೆಂದೇ ಹೊಳೆಯಲಿಲ್ಲ. ಯಂತ್ರದ ಕಾಲದಲ್ಲಿ ಕೆಲಸಕ್ಕೆ ಸೇರಿದ ಅವರಿಗೆ ಅದನ್ನು ಕಲಿಸಿದವರೇ ಇಲ್ಲ. ಆರನೆಯ ದಿನ ತಾಪಮಾಪಕ ಜಾರಿ ಒಡೆಯಿತು. ಅವರು ಪ್ರಾಮಾಣಿಕವಾಗಿ ವಹಿಯಲ್ಲಿ ಬರೆದರು, ಆದರೆ ಬೇರೊಂದನ್ನು ಕೊಳ್ಳುವ ಅವಸರ ಅವರಿಗೆ ತೋರಲಿಲ್ಲ. ನನಗೆ ಒಂದು ದೂರವಾಣಿ ಕರೆ ಮಾಡಿದ್ದರೆ ಎಂದು ಈಗ ಎನಿಸುವುದು ಸಹಜ. ಮಾಡಬಾರದೆಂದು ಮನೆಯವರು ಅವರಿಂದ ಮಾತು ತೆಗೆದುಕೊಂಡಿದ್ದರೆಂದು ಅನಂತರ ತಿಳಿಯಿತು.

ಸರಿಪಡಿಸುವ ಬಗೆಯೇನು? ಇಲ್ಲಿ ಒಂದು ಕಷ್ಟವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ 34 ಹೊತ್ತುಗಳಲ್ಲಿ ಯಾರ ಹಾಲು ಎಷ್ಟು ಬೆಚ್ಚಗಿತ್ತೆಂಬುದು ಎಲ್ಲಿಯೂ ಬರೆದಿಲ್ಲ. ಬರೆಯದ ಉಷ್ಣತೆಯನ್ನು ಈಗ ಯಾರೂ ಅಳೆಯಲಾರರು. ಆದುದರಿಂದ ಹೊತ್ತು ಹೊತ್ತಿನ ಡಿಗ್ರಿಯನ್ನು ತಿದ್ದುವುದು ಅಸಾಧ್ಯ. ಸಾಧ್ಯವಿರುವುದು ಇಷ್ಟು: ಪ್ರತಿಯೊಬ್ಬ ಸದಸ್ಯರ, ಯಂತ್ರ ಕೆಡುವುದಕ್ಕೆ ಮುಂಚಿನ ಒಂದು ವಾರದ ಸರಾಸರಿಯನ್ನು ಒಂದು ಕಡೆಯೂ, ಕೆಟ್ಟ ಕಾಲದ ಸರಾಸರಿಯನ್ನು ಇನ್ನೊಂದು ಕಡೆಯೂ ಬರೆದು, ಜಿಡ್ಡಿನ ವ್ಯತ್ಯಾಸ 0.1ರ ಒಳಗಿದ್ದು ಘನಾಂಶ ಮಾತ್ರ 0.1ಕ್ಕಿಂತ ಹೆಚ್ಚಾಗಿ ಇಳಿದಿರುವ ಖಾತೆಗಳನ್ನು ಪ್ರತ್ಯೇಕಿಸಿ, ಅವುಗಳಿಗೆ ಮುಂಚಿನ ಘನಾಂಶದ ಮೇಲೆಯೇ ದರಪಟ್ಟಿಯನ್ನು ಅನ್ವಯಿಸಿ ಬಾಕಿ ಕೊಡುವುದು. ಈ ನಡುವೆ ಕರು ಹಾಕಿದ ಅಥವಾ ಕರಾವು ಬತ್ತಿಸಿದ ಹಸುಗಳ ಖಾತೆಗಳಿಗೆ ಈ ಅಳತೆಗೋಲು ಹೊಂದದು; ಅಂಥವು ಏಳು ಇವೆ, ಅವರೊಡನೆ ಕುಳಿತು ಬೇರೆಯಾಗಿ ನಿರ್ಣಯಿಸೋಣ. ಹಣ ಎಲ್ಲಿಂದ ಎಂದರೆ, ಡೈರಿಯು 8.48ಕ್ಕೆ ಕೊಟ್ಟು ನಾವು 8.37ಕ್ಕೆ ಹಂಚಿದುದರಿಂದ ಉಳಿದ ಮೊತ್ತ ವ್ಯಾಪಾರದ ಖಾತೆಯಲ್ಲಿ ಲಾಭವೆಂಬ ಹೆಸರಿನಲ್ಲಿ ಕುಳಿತಿದೆ. ಅದು ಲಾಭವಲ್ಲ, ತಮ್ಮಲ್ಲಿ ಕೆಲವರ ಹಣ. ಆದರೆ ಅದು ಬಾಕಿಗೆ ಪೂರ್ತಿಯಾಗಿ ಸಾಲದು. ಕಡಮೆ ಬೀಳುವುದು ತೋಟ ಮತ್ತು ಹಟ್ಟಿಗಳವರಿಗೆ ಹೆಚ್ಚಾಗಿ ಸಂದಿರುವಷ್ಟೇ. ಅದನ್ನು ಅವರಿಂದ ಹಿಂದಕ್ಕೆ ಕೇಳಬಾರದೆಂಬುದು ನನ್ನ ಅಭಿಮತ, ಏಕೆಂದರೆ ಚಳಿಯಲ್ಲಿ ದೂರದಿಂದ ಬಂದುದು ಅವರ ಅಪರಾಧವಲ್ಲ. ಆ ಕೊರತೆಯನ್ನು ಸಂಘವೇ ಭರಿಸಲೆಂದು ಬರೆದಿದ್ದೇನೆ. ನಿರ್ಧಾರ ಮಾತ್ರ ಆಡಳಿತ ಮಂಡಳಿಗೆ ಸೇರಿದುದು. ಶನಿವಾರದ ಸಭೆಯ ಮುಂದೆ ಅದು ಬರುತ್ತದೆ.

ಮೂರು ವಾರಗಳ ಪೈಕಿ ಎರಡರ ಬಟವಾಡೆ ಆಗಿಹೋಗಿದೆ. ಮೂರನೆಯದನ್ನು ಈ ತನಿಖೆಗಾಗಿ ತಡೆಯುವುದಿಲ್ಲ. ಹಿಂಡಿಯ ಅಂಗಡಿಯವನು ತನಿಖೆ ಮುಗಿಯುವ ತನಕ ಕಾಯುವವನಲ್ಲ. ವಹಿಯಲ್ಲಿ ಇರುವಂತೆಯೇ ಸೋಮವಾರ ಹಣ ಜಮೆಯಾಗುತ್ತದೆ, ಬಾಕಿ ವ್ಯತ್ಯಾಸ ಅದರ ಮುಂದಿನ ಬಟವಾಡೆಯಲ್ಲಿ ಪ್ರತ್ಯೇಕ ಸಾಲಾಗಿ ಬರುತ್ತದೆ. ಖಾತೆವಾರು ಪಟ್ಟಿಯನ್ನು ದಿನಕ್ಕೆ ಹತ್ತು ಖಾತೆಗಳಂತೆ ಸಿದ್ಧಪಡಿಸುತ್ತಿದ್ದೇನೆ. ಹೆಚ್ಚು ಹೊತ್ತು ಕೂರಬಾರದೆಂದು ವೈದ್ಯರ ಕಟ್ಟಪ್ಪಣೆ ಇರುವುದರಿಂದ ಇದಕ್ಕಿಂತ ವೇಗ ಸಾಧ್ಯವಿಲ್ಲ. ಮುಗಿದಷ್ಟನ್ನು ಅಂದಂದೇ ಫಲಕಕ್ಕೆ ಹಚ್ಚುತ್ತೇನೆ. ಹೊಸ ತಾಪಮಾಪಕ ಬಂದಿದೆ, ಒಡೆದರೆ ಇರಲೆಂದು ಇನ್ನೊಂದೂ ಬಂದಿದೆ. ವಹಿಯಲ್ಲಿ ಡಿಗ್ರಿಯ ಪಕ್ಕದಲ್ಲಿ ಉಷ್ಣತೆಗೊಂದು ಅಂಕಣವನ್ನು ಎಳೆದಿದ್ದೇವೆ, ಪರೀಕ್ಷಕರು ಶುಕ್ರವಾರ ಬೆಳಗಿನಿಂದ ಅದನ್ನು ತುಂಬುತ್ತಿದ್ದಾರೆ. ಯಂತ್ರವು ದುರಸ್ತಿಯಿಂದ ಬುಧವಾರ ಬರುವ ನಿರೀಕ್ಷೆಯಿದೆ; ಬಂದೊಡನೆ ಅದರ ಮಾತನ್ನು ನಂಬದೆ, ಮೂರು ದಿನ ಗರ್ಬರ್ ಕೊಳವೆಯನ್ನೂ ಯಂತ್ರವನ್ನೂ ಜೊತೆಜೊತೆಗೆ ನಡೆಸಿ, ಜಿಡ್ಡಿನಲ್ಲಿ 0.1ಕ್ಕಿಂತ ಹೆಚ್ಚಿನ ಅಂತರ ಕಂಡರೆ ಮತ್ತೆ ಹಿಂದಕ್ಕೆ ಕಳುಹಿಸಲಾಗುವುದು.

ಇನ್ನೊಂದು ಉಳಿದ ಕೆಲಸ ಕೃತಕ ಗರ್ಭಧಾರಣೆಯ ವಹಿಗೆ ಸಂಬಂಧಪಟ್ಟುದು. ಈ ಅವಧಿಯಲ್ಲಿ ಹನ್ನೊಂದು ಹಸುಗಳಿಗೆ ಸೂಜಿ ಹಾಕಲಾಗಿದ್ದು, ಮೂರರ ಎದುರು ತಾರೀಖು ಇಲ್ಲ. ನನ್ನ ರಜೆಯೂ ಹಸುವಿನ ಬೆದೆಯ ಸುತ್ತೂ ಇಪ್ಪತ್ತೊಂದೇ ದಿನವಾದುದು ಒಂದು ವಿನೋದ; ನಾನು ಹೊರಟ ದಿನ ಸೂಜಿ ಹಾಕಿಸಿಕೊಂಡ ಹಸು ಗಬ್ಬವಾಗಿಲ್ಲವಾದರೆ ನಾನು ಬಂದ ದಿನಗಳಲ್ಲಿಯೇ ಮತ್ತೆ ಕೂಗಬೇಕು. ಬೆದೆ ಇರುವುದು ಅರ್ಧ ದಿನದಿಂದ ಮುಕ್ಕಾಲು ದಿನದ ಹೊತ್ತು ಮಾತ್ರ, ರಾತ್ರಿ ಬಂದು ಹೋದರೆ ತಿಳಿಯುವುದೂ ಇಲ್ಲ. ತಾರೀಖು ಗೊತ್ತಿಲ್ಲದ ಹಸುವಿಗೆ ಯಾವ ದಿನ ಕಾಯಬೇಕೆಂಬುದೂ, ಯಾವಾಗ ಗಬ್ಬದ ತಪಾಸಣೆ ಮಾಡಿಸಬೇಕೆಂಬುದೂ ತಿಳಿಯದು. ಆ ಮೂವರ ಖಾತೆ ಸಂಖ್ಯೆ 14, 29 ಮತ್ತು 41. ನಾಳೆ ಬೆಳಗಿನ ಹಾಲಿಗೆ ಬರುವಾಗ, ಸೂಜಿ ಹಾಕಿದ ದಿನ ಸಂತೆಯ ಹಿಂದಿನದೋ ಮುಂದಿನದೋ ಎಂಬಷ್ಟನ್ನಾದರೂ ಮನೆಯಲ್ಲಿ ಕೇಳಿಕೊಂಡು ಬರಬೇಕೆಂದು ಪ್ರಾರ್ಥನೆ.

ಊರೊಳಗಿನ ಸದಸ್ಯರಲ್ಲಿ, ಯಂತ್ರ ಬರುವವರೆಗೆ, ಮತ್ತೊಂದು ವಿನಂತಿ. ಕರೆದ ಹಾಲನ್ನು ಸೋಸಿ, ಮುಚ್ಚಿ, ಅರ್ಧ ಗಂಟೆ ನೆರಳಿನಲ್ಲಿಟ್ಟು ಅನಂತರ ತರುವ ಕೃಪೆ ಮಾಡಿ. ಅದಕ್ಕಾಗಿ ಬೆಳಗಿನ ಅಳತೆಯನ್ನು ಏಳೂವರೆಯ ವರೆಗೂ ತೆರೆದಿರುತ್ತೇವೆ. ಲಾರಿಯ ಚಾಲಕರೊಡನೆ ಮಾತನಾಡಿದ್ದಾಗಿದೆ. ಎದುರು ಮನೆಯ ಅಜ್ಜಿಗೆ ಇದನ್ನು ಹೇಳಿದಾಗ, ಅಷ್ಟು ಹೊತ್ತು ಕಾಯಲು ತಮಗೇನೂ ಅಡ್ಡಿಯಿಲ್ಲ, ಆದರೆ ತಮ್ಮ ಬೆಕ್ಕಿನ ಪರವಾಗಿ ಮಾತು ಕೊಡಲಾರೆನೆಂದರು.

ಇತಿ ತಮ್ಮ ವಿಧೇಯ,
ಕಾರ್ಯದರ್ಶಿ